ಅಪ್‌ಲೋಡ್ ಆದ ಮೇಲೆ ಮುಖದ ಬಣ್ಣ ಏಕೆ ಕೆಡುತ್ತದೆ?

ಜೆಪೆಗ್ ಫೋಟೊ ತೆರೆದಾಗ ಪ್ರತಿ ಪಿಕ್ಸೆಲ್‌ನ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಾಗಿ ಸಿಗುತ್ತದೆ. ಒಂದೊಂದು ಅಂಕಿಯೂ 0ಯಿಂದ 255ರೊಳಗೆ ಇರುತ್ತದೆ. ಆದರೆ ಕೆಂಪು 200 ಎಂದರೆ ಯಾವ ಕೆಂಪು, ಎಷ್ಟು ಕೆಂಪು ಎಂಬುದು ಅಂಕಿಯಿಂದಷ್ಟೇ ತಿಳಿಯುವುದಿಲ್ಲ. ಅದನ್ನು ನಿರ್ಧರಿಸುವುದು ಕಲರ್ ಸ್ಪೇಸ್. ಅಂತರ್ಜಾಲದ ರೂಢಿಯ ಸ್ಪೇಸ್ ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಇದನ್ನು ಮುಂದಿಟ್ಟವು. ಅಡೋಬಿ ಆರ್‌ಜಿಬಿ ಇದಕ್ಕಿಂತ ವಿಶಾಲ. ಮುದ್ರಣಕ್ಕೆ ಬೇಕಾದ ಹಸಿರು, ನೀಲಿಹಸಿರು ಬಣ್ಣಗಳು ಅದರಲ್ಲಿ ಹೆಚ್ಚಾಗಿ ಸಿಗುತ್ತವೆ. ಯಾವ ಸ್ಪೇಸ್‌ನ ಅಂಕಿಗಳು ಎಂದು ಹೇಳುವ ಪ್ರೊಫೈಲ್ ಎಂಬ ಪುಟ್ಟ ಚೀಟಿ ಕಡತಕ್ಕೆ ಅಂಟಿಕೊಂಡಿರುತ್ತದೆ.

ಅಪ್‌ಲೋಡ್ ಮಾಡಿದಾಗ ಹಲವು ಸೇವೆಗಳು ಚಿತ್ರವನ್ನು ಕಿರಿದಾಗಿಸಿ, ಮತ್ತೊಮ್ಮೆ ಜೆಪೆಗ್ ಮಾಡಿ ಇಡುತ್ತವೆ. ಆಗ ಗಾತ್ರ ಉಳಿಸಲೆಂದು ಈ ಚೀಟಿಯನ್ನು ಕಿತ್ತುಹಾಕುವುದುಂಟು. ಚೀಟಿ ಇಲ್ಲದ ಚಿತ್ರವನ್ನು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಎಂದೇ ಭಾವಿಸಲಾಗುತ್ತದೆ. ಭಾವಚಿತ್ರ ಮಂಕಾಗುವುದು ಇಲ್ಲಿಯೇ.

ಬಿಸಿಲು ಬಿದ್ದ ಕೆನ್ನೆಯ ಒಂದು ಗೋಧಿಬಣ್ಣವನ್ನು ತೆಗೆದುಕೊಳ್ಳೋಣ. ಎಸ್‌ಆರ್‌ಜಿಬಿಯಲ್ಲಿ ಅದರ ಅಂಕಿಗಳು 200, 150, 120. ಇದೇ ಬಣ್ಣವನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ ಸುಮಾರು 186, 149, 121 ಆಗುತ್ತದೆ. ಸ್ಪೇಸ್ ವಿಶಾಲವಾದ್ದರಿಂದ ಅದೇ ಬಣ್ಣಕ್ಕೆ ಕಡಿಮೆ ಕೆಂಪು ಸಾಕು. ಚೀಟಿ ಇರುವವರೆಗೆ ಎರಡೂ ಒಂದೇ ಕೆನ್ನೆ. ಚೀಟಿ ಹೋಗಿ 186, 149, 121 ಎಂಬುದನ್ನು ಎಸ್‌ಆರ್‌ಜಿಬಿ ಎಂದು ಓದಿದರೆ ಹಸಿರು, ನೀಲಿ ಇದ್ದಲ್ಲೇ ಇದ್ದು ಕೆಂಪು ಮಾತ್ರ ಇಳಿಯುತ್ತದೆ. ಮುಖದಲ್ಲಿ ರಕ್ತವೇ ಇಲ್ಲದಂತೆ ಕಾಣುತ್ತದೆ. ಅಚ್ಚಕೆಂಪು ಸೀರೆಗೆ ಪೆಟ್ಟು ಇನ್ನೂ ಜೋರು: ಎಸ್‌ಆರ್‌ಜಿಬಿಯ ಪೂರ್ಣ ಕೆಂಪು 255, ಅಡೋಬಿ ಆರ್‌ಜಿಬಿಯಲ್ಲಿ 219 ಅಷ್ಟೆ.

ದೋಷ ಇದೇ ಹೌದೇ ಎಂದು ಖಚಿತಪಡಿಸಿಕೊಳ್ಳುವುದು ಸುಲಭ. ಫೋಟೊಶಾಪ್‌ನಲ್ಲಿ ಮೂಲ ಚಿತ್ರದ ಪ್ರತಿಯೊಂದನ್ನು ತೆರೆದು, Edit ಮೆನುವಿನ Assign Profile ಮೂಲಕ sRGB ಆರಿಸಬೇಕು. ಅಪ್‌ಲೋಡ್ ಆದದ್ದು ಹೇಗೆ ಮಂಕಾಗಿದೆಯೋ ಹಾಗೆಯೇ ಇದೂ ಮಂಕಾದರೆ ಕಾರಣ ಸಿಕ್ಕಂತೆ. ಪ್ರತಿಯನ್ನು ಉಳಿಸದೆ ಮುಚ್ಚಬೇಕು.

ಪರಿಹಾರ ಇರುವುದು ಅದೇ ಮೆನುವಿನ Convert to Profile ಎಂಬಲ್ಲಿ. ಈ ಎರಡು ಆದೇಶಗಳ ವ್ಯತ್ಯಾಸ ತಿಳಿದರೆ ಅರ್ಧ ತೊಂದರೆ ತಪ್ಪುತ್ತದೆ. Assign ಅಂಕಿಗಳನ್ನು ಮುಟ್ಟದೆ ಚೀಟಿ ಬದಲಿಸುತ್ತದೆ, ಆದ್ದರಿಂದ ಬಣ್ಣ ಬದಲಾಗುತ್ತದೆ. Convert ಅಂಕಿಗಳನ್ನು ಹೊಸದಾಗಿ ಲೆಕ್ಕಹಾಕುತ್ತದೆ, ಆದ್ದರಿಂದ ಬಣ್ಣ ಹಾಗೆಯೇ ಉಳಿಯುತ್ತದೆ. ಮೇಲಿನ ಕೆನ್ನೆ 186ರಿಂದ ಮತ್ತೆ 200ಕ್ಕೆ ಬರುತ್ತದೆ. ಇನ್ನು ಚೀಟಿ ಕಳೆದರೂ ಹಾನಿಯಿಲ್ಲ. ಫೋಟೊಶಾಪ್‌ನ Export As ನಲ್ಲಿ Convert to sRGB, Embed Color Profile ಎರಡಕ್ಕೂ ಗುರುತು ಹಾಕಬೇಕು. ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ Color Space ಎದುರು sRGB ಇರಬೇಕು. ನೇರ ಜೆಪೆಗ್ ತೆಗೆಯುವವರು ಕ್ಯಾಮೆರಾ ಮೆನುವಿನಲ್ಲೇ sRGB ಇಟ್ಟುಕೊಳ್ಳುವುದು ಒಳ್ಳೆಯದು. ರಾ ತೆಗೆಯುವವರಿಗೆ ಆ ಆಯ್ಕೆಯಿಂದ ಮೂಲ ದತ್ತಾಂಶದಲ್ಲಿ ಏನೂ ಬದಲಾಗದು.

ಬಣ್ಣ ವಿಪರೀತವಾಗುವುದು ಇದಕ್ಕೆ ತದ್ವಿರುದ್ಧ ದಾರಿಯಲ್ಲಿ. ಎಸ್‌ಆರ್‌ಜಿಬಿ ಅಂಕಿಗಳಿಗೆ ತಪ್ಪಿ ಅಡೋಬಿ ಆರ್‌ಜಿಬಿ ಚೀಟಿ ಹಚ್ಚಿದರೆ ಮುಖ ಇಟ್ಟಿಗೆಗೆಂಪಾಗುತ್ತದೆ. ಹೆಚ್ಚಾಗಿ ಆಗುವುದು ಮಾತ್ರ ಪರದೆಯಿಂದ. ಈಗಿನ ಹಲವು ಮಾನಿಟರ್, ಫೋನುಗಳ ಪರದೆ ಎಸ್‌ಆರ್‌ಜಿಬಿಗಿಂತ ವಿಶಾಲ. ಪಿ3 ಪರದೆಯಲ್ಲಿ ಎಸ್‌ಆರ್‌ಜಿಬಿಯ ಪೂರ್ಣ ಕೆಂಪು ಸರಿಯಾಗಿ ಮೂಡಬೇಕಾದರೆ ಪರದೆಗೆ ಸುಮಾರು 234, 51, 35 ಹೋಗಬೇಕು. ಬಣ್ಣ ನಿರ್ವಹಣೆ ಗೊತ್ತಿಲ್ಲದ ತಂತ್ರಾಂಶ 255, 0, 0 ಎಂದೇ ಕಳುಹಿಸಿದರೆ ಕುಂಕುಮ ಉರಿಯುತ್ತದೆ, ತುಟಿ ಕಿತ್ತಳೆಯಾಗುತ್ತದೆ. ಇಂಥ ಪರದೆಯಲ್ಲಿ, ಇಂಥ ತಂತ್ರಾಂಶದಲ್ಲಿ ತಿದ್ದಿದವರು ಕಣ್ಣಿಗೆ ಹಿತವಾಗುವಷ್ಟು ಬಣ್ಣ ಇಳಿಸಿಬಿಡುತ್ತಾರೆ. ಆ ಚಿತ್ರ ಬೇರೆಯವರಿಗೆ ಪೇಲವವಾಗಿ ಕಾಣುತ್ತದೆ. ಹಾಗಾಗಿ ಮಾನಿಟರನ್ನು ಅದರ ಎಸ್‌ಆರ್‌ಜಿಬಿ ಮೋಡ್‌ಗೆ ಇಡಬೇಕು, ಇಲ್ಲವೇ ಕ್ಯಾಲಿಬ್ರೇಟರ್‌ನಿಂದ ಅಳೆದು ಅದಕ್ಕೇ ಪ್ರೊಫೈಲ್ ಮಾಡಿಸಬೇಕು.

ಕನ್ವರ್ಟ್ ಮಾಡುವುದಕ್ಕೂ ಒಂದು ಮಿತಿಯಿದೆ. ಮೈಬಣ್ಣಗಳೆಲ್ಲ ಸಾಮಾನ್ಯವಾಗಿ ಎಸ್‌ಆರ್‌ಜಿಬಿಯೊಳಗೇ ಇರುವುದರಿಂದ ಮುಖಕ್ಕೆ ನಷ್ಟವಿಲ್ಲ. ಗಿಳಿಹಸಿರು ರೇಷ್ಮೆಯಂಥ ಗಾಢ ಬಟ್ಟೆ ಆ ಎಲ್ಲೆ ಮೀರಬಹುದು. ಆಗ ಮೀರಿದ ಬಣ್ಣಗಳೆಲ್ಲ ಎಲ್ಲೆಯಲ್ಲೇ ಒತ್ತೊತ್ತಾಗಿ ನಿಂತು, ನೆರಿಗೆಗಳು ಅಳಿಸಿ ಬಟ್ಟೆ ಬಣ್ಣ ಬಳಿದ ಹಲಗೆಯಂತಾಗುತ್ತದೆ. View ಮೆನುವಿನ Proof Setup ನಲ್ಲಿ Internet Standard RGB (sRGB) ಆರಿಸಿದರೆ ಇದು ಮೊದಲೇ ಕಣ್ಣಿಗೆ ಬೀಳುತ್ತದೆ. ಆಗ ಇಡೀ ಚಿತ್ರವನ್ನು ಮುಟ್ಟದೆ ಆ ಒಂದು ಬಣ್ಣದ ಸ್ಯಾಚುರೇಷನ್ ಅನ್ನಷ್ಟೇ ನೆರಿಗೆ ಮರಳಿ ಕಾಣುವವರೆಗೆ ತಗ್ಗಿಸಿ, ನಂತರ ಕನ್ವರ್ಟ್ ಮಾಡಬೇಕು.