ಪಾಠ ಒಡೆದು ಕಾರ್ಡು ಕಟ್ಟುವುದು

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಜೀವಕ್ರಿಯೆಗಳು’ ಎಂಬ ಪಾಠವಿದೆ. ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ ಎಂಬ ನಾಲ್ಕು ದೊಡ್ಡ ವಿಷಯಗಳು ಒಂದೇ ಪಾಠದಲ್ಲಿ ತುಂಬಿಕೊಂಡಿವೆ. ಪ್ರತಿಯೊಂದರಲ್ಲೂ ಮನುಷ್ಯನ ಕಥೆ ಬೇರೆ, ಗಿಡದ ಕಥೆ ಬೇರೆ. ಓದುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ವಾರ ಕಳೆದ ಮೇಲೆ ಕೇಳಿದರೆ ಕ್ಸೈಲಂ ಮತ್ತು ಫ್ಲೋಯಂ ಅದಲುಬದಲಾಗಿರುತ್ತವೆ, ಪಿತ್ತರಸ ಎಲ್ಲಿ ತಯಾರಾಗುತ್ತದೆ ಎಂಬುದು ಮರೆತಿರುತ್ತದೆ. ಇಂಥ ಪಾಠವನ್ನು ಪ್ರಶ್ನೋತ್ತರದ ಕಾರ್ಡುಗಳಾಗಿ ಒಡೆಯುವುದು ಹೇಗೆ ಎಂದು ನೋಡೋಣ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಇದಿಷ್ಟು ಎಲ್ಲರಿಗೂ ಗೊತ್ತು. ಉಪವಿಷಯಗಳ ಗುಂಪು ಮಾಡುವುದರಲ್ಲಿ ಮತ್ತು ಆ ಗುಂಪುಗಳನ್ನು ಯಾವಾಗ ಮುರಿಯಬೇಕೆಂದು ತಿಳಿಯುವುದರಲ್ಲಿ ನಿಜವಾದ ಕೆಲಸವಿದೆ.

ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಮೇಲು ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಚೆನ್ನಾಗಿ ತೋರಿಸಿಕೊಟ್ಟರು. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಕೈಗೆ ಚಿಕ್ಕ ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿಬಿತ್ತು: ಓದಿದವರಿಗೆ ನೆನಪಿದ್ದದ್ದು ಶೇಕಡಾ 40ರಷ್ಟು, ನೆನಪಿಸಿಕೊಂಡು ಬರೆದವರಿಗೆ 61ರಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆ ತಲೆಯಲ್ಲಿದ್ದು, ಮುಂದಿನ ವಾರ ಮಾಯವಾಗುವುದರ ಗುಟ್ಟು ಇದರಲ್ಲಿದೆ. ಕಾರ್ಡು ಎಂದರೆ ಹೀಗೆ ನೆನಪಿಸಿಕೊಳ್ಳಲು ನಮಗೆ ನಾವೇ ಮಾಡಿಕೊಂಡ ಸಾಧನ.

ಮೊದಲ ಓದಿನಲ್ಲಿ ಪೆನ್ನು ಹಿಡಿಯಬಾರದು. ಅರ್ಥವಾಗದ ಸಾಲಿನಿಂದ ಕಾರ್ಡು ಮಾಡಿದರೆ ಆ ಕಾರ್ಡು ಕೊನೆಯವರೆಗೂ ಕಾಡುತ್ತದೆ. ಪೂರ್ತಿ ಓದಿದ ಮೇಲೆ ಒಂದು ಹಾಳೆಯಲ್ಲಿ ಗುಂಪುಗಳ ಹೆಸರು ಬರೆಯಬೇಕು. ಪುಸ್ತಕದ ತಲೆಬರಹಗಳನ್ನೇ ಹಾಗೇ ಎತ್ತಿಕೊಂಡರೆ ‘ಸಾಗಾಣಿಕೆ’ ಎಂಬ ಒಂದೇ ಗುಂಪಿನಲ್ಲಿ ಹೃದಯ, ರಕ್ತನಾಳ, ಕ್ಸೈಲಂ, ಫ್ಲೋಯಂ ಎಲ್ಲವೂ ಬಂದು ಕೂರುತ್ತವೆ. ಅದನ್ನು ಎರಡಾಗಿ ಸೀಳುವುದು ಒಳ್ಳೆಯದು. ಹಾಗೆಯೇ ಉಸಿರಾಟದಲ್ಲಿ ಜೀವಕೋಶದೊಳಗೆ ಗ್ಲೂಕೋಸ್ ಒಡೆದು ಶಕ್ತಿ ಬರುವ ಭಾಗ ಒಂದು, ಶ್ವಾಸಕೋಶದಲ್ಲಿ ಅನಿಲ ವಿನಿಮಯವಾಗುವ ಭಾಗ ಇನ್ನೊಂದು. ಗಿಡಗಳ ವಿಸರ್ಜನೆಯ ಬಗ್ಗೆ ಪುಸ್ತಕ ಹೇಳುವುದೇ ಸ್ವಲ್ಪ. ಅದಕ್ಕೆ ಬೇರೆ ಗುಂಪು ಬೇಡ, ಮೂತ್ರಪಿಂಡದ ಜೊತೆಗೇ ಇರಲಿ. ಹೀಗೆ ನಾಲ್ಕು ತಲೆಬರಹಗಳು ಏಳು ಗುಂಪುಗಳಾಗುತ್ತವೆ. ಒಂದೊಂದರಲ್ಲಿ ಎಂಟು ಹತ್ತು ಕಾರ್ಡು ಬಂದರೆ ಹದ. ಇಪ್ಪತ್ತು ದಾಟಿದರೆ ಆ ಗುಂಪಿನೊಳಗೆ ಎರಡು ವಿಷಯಗಳು ಅಡಗಿವೆ ಎಂದರ್ಥ.

ಈಗ ಒಂದು ಭಾಗವನ್ನು ಒಡೆದು ನೋಡೋಣ. ಮೂತ್ರಪಿಂಡದ ಬಗ್ಗೆ ಪಾಠ ಹೇಳುವ ಸಾರ ಇಷ್ಟು: ರಕ್ತ ಸೋಸುವ ಮೂಲ ಘಟಕ ನೆಫ್ರಾನ್, ತೆಳು ಗೋಡೆಯ ಲೋಮನಾಳಗಳ ಗೊಂಚಲಿನಿಂದ ಸೋಸಿದ ದ್ರವ ಬಟ್ಟಲಿನಂಥ ಬೌಮನ್ನನ ಕೋಶದಲ್ಲಿ ಸೇರುತ್ತದೆ, ಅದು ನಳಿಕೆಯಲ್ಲಿ ಹರಿಯುವಾಗ ಗ್ಲೂಕೋಸ್, ಅಮೈನೋ ಆಮ್ಲ, ಲವಣ ಮತ್ತು ಬಹುಪಾಲು ನೀರು ಮರಳಿ ಹೀರಲ್ಪಡುತ್ತವೆ. ಗೈಡುಗಳ ಅಭ್ಯಾಸವಿರುವ ಕೈ ತಕ್ಷಣ ಬರೆಯುವುದು ‘ನೆಫ್ರಾನ್‌ನ ರಚನೆ ಮತ್ತು ಕಾರ್ಯ ವಿವರಿಸಿ’ ಎಂದು. ಪರೀಕ್ಷೆಗೆ ಅದು ಸರಿಯಾದ ಪ್ರಶ್ನೆ, ಕಾರ್ಡಿಗೆ ಅಲ್ಲ. ಉತ್ತರದಲ್ಲಿ ಆರು ಸಂಗತಿಗಳಿದ್ದು ನಾಲ್ಕು ನೆನಪಾದರೆ ಬಂತೆನ್ನಬೇಕೋ ಬರಲಿಲ್ಲವೆನ್ನಬೇಕೋ? ಮನಸ್ಸು ಯಾವಾಗಲೂ ಬಂತೆಂದೇ ತೀರ್ಪು ಕೊಡುತ್ತದೆ, ಮರೆತ ಎರಡು ಸಂಗತಿಗಳು ಹಾಗೆಯೇ ತಪ್ಪಿಸಿಕೊಳ್ಳುತ್ತವೆ.

ಆದ್ದರಿಂದ ಒಂದು ಕಾರ್ಡಿಗೆ ಒಂದೇ ಸಂಗತಿ. ‘ಮೂತ್ರಪಿಂಡದಲ್ಲಿ ರಕ್ತ ಸೋಸುವ ಮೂಲ ಘಟಕ ಯಾವುದು?’ ನೆಫ್ರಾನ್. ‘ನೆಫ್ರಾನ್‌ನಲ್ಲಿ ಸೋಸಿದ ದ್ರವ ಮೊದಲು ಸೇರುವುದೆಲ್ಲಿ?’ ಬೌಮನ್ನನ ಕೋಶದಲ್ಲಿ. ಇವೆರಡು ಬರೀ ಹೆಸರಿನ ಪ್ರಶ್ನೆಗಳು. ಇಂಥವು ಬೇಕು, ಆದರೆ ಗುಂಪಿನಲ್ಲಿ ಇವೇ ತುಂಬಿದ್ದರೆ ಪಾಠದ ಪದಕೋಶ ತಯಾರಾಯಿತೇ ಹೊರತು ಪಾಠವಲ್ಲ. ಮರಳಿ ಹೀರಲ್ಪಡುವ ನಾಲ್ಕು ವಸ್ತುಗಳ ಪಟ್ಟಿ ಕೇಳುವ ಬದಲು ಹೀಗೆ ಕೇಳಬಹುದು: ‘ಬೌಮನ್ನನ ಕೋಶದ ದ್ರವದಲ್ಲಿ ಗ್ಲೂಕೋಸ್ ಇರುತ್ತದೆ, ಆರೋಗ್ಯವಂತರ ಮೂತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಏಕೆ?’ ನಳಿಕೆಯಲ್ಲಿ ಹರಿಯುವಾಗ ರಕ್ತಕ್ಕೆ ಮರಳಿ ಹೀರಲ್ಪಡುತ್ತದೆ ಎಂಬುದು ಉತ್ತರ. ಪುಸ್ತಕದಲ್ಲಿ ಇನ್ನೊಂದು ಸೊಗಸಾದ ಲೆಕ್ಕವಿದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಟ್ಟರೂ ಮೂತ್ರವಾಗಿ ಹೊರಹೋಗುವುದು ಒಂದೆರಡು ಲೀಟರ್ ಮಾತ್ರ. ‘180 ಲೀಟರ್ ಸೋಸಿದರೂ ಮೂತ್ರ ಒಂದೆರಡು ಲೀಟರ್ ಮಾತ್ರ ಆಗುವುದೇಕೆ?’ ಎಂದು ಕೇಳಿದರೆ ಅಂಕಿಯೂ ನೆನಪಿನಲ್ಲಿ ನಿಲ್ಲುತ್ತದೆ, ಕಾರಣವೂ ನಿಲ್ಲುತ್ತದೆ.

ಪಿತ್ತರಸದ ವಿಷಯದಲ್ಲಿ ಬೇರೆ ತೊಡಕು. ಅದು ಜಠರದಿಂದ ಬಂದ ಆಹಾರದ ಆಮ್ಲೀಯತೆ ಕಳೆದು ಪ್ರತ್ಯಾಮ್ಲೀಯವಾಗಿಸುತ್ತದೆ, ಕೊಬ್ಬಿನ ದೊಡ್ಡ ಹನಿಗಳನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ‘ಪಿತ್ತರಸದ ಕೆಲಸವೇನು?’ ಎಂದರೆ ಮಗು ಒಂದನ್ನು ಹೇಳಿ ಕಾರ್ಡು ತಿರುಗಿಸುತ್ತದೆ. ‘ಸಣ್ಣಕರುಳಿಗೆ ಬಂದ ಆಹಾರದ ಆಮ್ಲೀಯತೆಯನ್ನು ಪಿತ್ತರಸ ಕಳೆಯಬೇಕಾದದ್ದು ಏಕೆ?’ ಎಂಬುದು ಒಂದು ಕಾರ್ಡು; ಮೇದೋಜೀರಕದ ಕಿಣ್ವಗಳು ಆಮ್ಲದಲ್ಲಿ ಸರಿಯಾಗಿ ಕೆಲಸ ಮಾಡವು. ‘ಪಿತ್ತರಸದಲ್ಲಿ ಜೀರ್ಣಕಾರಿ ಕಿಣ್ವವಿಲ್ಲ, ಆದರೂ ಕೊಬ್ಬಿನ ಜೀರ್ಣಕ್ರಿಯೆಗೆ ಅದು ಹೇಗೆ ನೆರವಾಗುತ್ತದೆ?’ ಎಂಬುದು ಇನ್ನೊಂದು.

ಒಂದು ಗುಂಪಿನ ಕಾರ್ಡುಗಳನ್ನು ಒಂದೇ ಕೂರಿಕೆಯಲ್ಲಿ ಬರೆಯುವುದರಿಂದ ಹುಟ್ಟುವ ದೋಷವೊಂದಿದೆ. ಹೃದಯದ ಗುಂಪು ಬರೆಯುತ್ತಾ ಬರೆಯುತ್ತಾ ‘ಇದರ ಗೋಡೆ ದಪ್ಪಗಿರುವುದೇಕೆ?’ ಎಂದು ಬರೆದುಬಿಡುತ್ತೇವೆ. ‘ಇದು’ ಹೃತ್ಕುಕ್ಷಿ ಎಂದು ಆಗ ತಲೆಯಲ್ಲಿರುತ್ತದೆ. ತಿಂಗಳ ನಂತರ ಅದೇ ಕಾರ್ಡು ಬೇರೆಯವುಗಳ ನಡುವೆ ಸಿಕ್ಕಿದರೆ ಹೃತ್ಕುಕ್ಷಿಯೋ ಅಪಧಮನಿಯೋ ತಿಳಿಯದು, ಎರಡರ ಗೋಡೆಯೂ ದಪ್ಪವೇ. ಪರೀಕ್ಷಿಸಿ ನೋಡುವುದು ಸುಲಭ: ಕಂತೆಯ ಮಧ್ಯದಿಂದ ಒಂದು ಕಾರ್ಡು ಎಳೆದು ಅಕ್ಕನಿಗೋ ತಮ್ಮನಿಗೋ ಕೊಟ್ಟು, ಯಾವುದರ ಬಗ್ಗೆ ಕೇಳಿದೆ ಎಂದು ವಿಚಾರಿಸಿ. ಉತ್ತರ ಅವರಿಗೆ ಗೊತ್ತಿರಬೇಕಿಲ್ಲ, ಪ್ರಶ್ನೆ ಯಾವುದರ ಬಗ್ಗೆ ಎಂದು ಗೊತ್ತಾದರೆ ಸಾಕು.

ಕಾಗದದ ಬಗ್ಗೆ ಒಂದು ಮಾತು. ಹಿಂದಿನ ಉತ್ತರ ಮುಂದಕ್ಕೆ ಮೂಡಿ ಕಾಣದಷ್ಟು ದಪ್ಪವಿರಬೇಕು, ಅಷ್ಟೇ. ಪ್ರತಿ ಮದುವೆ ಸೀಸನ್ನಿನಲ್ಲೂ ಮನೆಯಲ್ಲಿ ರಾಶಿ ಬೀಳುವ ಲಗ್ನಪತ್ರಿಕೆಗಳ ಖಾಲಿ ಭಾಗವನ್ನು ಕತ್ತರಿಸಿಕೊಂಡು ಅಂಗಡಿಯ ಕಾರ್ಡನ್ನು ಮರೆಯಬಹುದು. ಗುಂಪಿನ ಗುರುತನ್ನು ಮಾತ್ರ ಮುಂದಿನ ಮುಖದಲ್ಲಿ ಹಾಕಬೇಡಿ. ಉತ್ತರವಿರುವ ಮುಖದ ಅಂಚಿಗೆ ಸ್ಕೆಚ್ ಪೆನ್ನಿನಿಂದ ಒಂದು ಬಣ್ಣದ ಪಟ್ಟಿ ಎಳೆದರೆ ಸಾಕು: ಹೃದಯಕ್ಕೆ ಕೆಂಪು, ಗಿಡದ ಸಾಗಾಣಿಕೆಗೆ ಹಸಿರು, ಹೀಗೆ.

ಗುರುತನ್ನು ಹಿಂದೆ ಅಡಗಿಸಲು ಕಾರಣವಿದೆ. ಒಂದೇ ಗುಂಪನ್ನು ಹಿಡಿದು ಕೂತಾಗ ಅರ್ಧ ಉತ್ತರ ಗುಂಪೇ ಹೇಳಿಕೊಡುತ್ತದೆ. ಕೈಯಲ್ಲಿರುವುದು ಮೂತ್ರಪಿಂಡದ ಕಂತೆ ಎಂದು ಗೊತ್ತಿದ್ದರೆ ಉತ್ತರ ನೆಫ್ರಾನೋ ಬೌಮನ್ನನ ಕೋಶವೋ, ಎರಡರಲ್ಲೊಂದು. ಪ್ರಶ್ನೆಪತ್ರಿಕೆಗೆ ಆ ದಯೆ ಇರುವುದಿಲ್ಲ. ಹೊಸ ಕಾರ್ಡುಗಳನ್ನು ಮೊದಲ ಒಂದೆರಡು ಸಲ ಗುಂಪಿನಲ್ಲೇ ಓದಲಿ, ಆಮೇಲೆ ಇಸ್ಪೀಟಿನ ಎಲೆಯಂತೆ ಏಳೂ ಗುಂಪುಗಳನ್ನು ಕಲಸಿಬಿಡಬೇಕು. ಕಲಸಿದ ದಿನ ತಪ್ಪುಗಳು ಹೆಚ್ಚುತ್ತವೆ. ಮಕ್ಕಳು ಬೇಸರಿಸಿಕೊಂಡು ಮತ್ತೆ ಗುಂಪಿಗೆ ಮರಳಲು ನೋಡುತ್ತಾರೆ, ಅದಕ್ಕೆ ಬಿಡಬಾರದು.

ಕಲಸಿದಾಗಲೇ ಇನ್ನೊಂದು ಬಗೆಯ ಕಾರ್ಡಿನ ಅಗತ್ಯ ಕಣ್ಣಿಗೆ ಬೀಳುತ್ತದೆ. ಸಣ್ಣಕರುಳಿನ ವಿಲ್ಲೈಗಳು ಒಂದು ಗುಂಪಿನಲ್ಲಿ, ಶ್ವಾಸಕೋಶದ ಗಾಳಿಗೂಡುಗಳು ಇನ್ನೊಂದರಲ್ಲಿ. ಎರಡರ ಉಪಾಯವೂ ಒಂದೇ: ಮೇಲ್ಮೈ ಹಿಗ್ಗಿಸುವುದು, ಅದರ ತುಂಬ ರಕ್ತನಾಳ ಹರಡುವುದು. ‘ವಿಲ್ಲೈ ಮತ್ತು ಗಾಳಿಗೂಡಿನ ರಚನೆಯಲ್ಲಿ ಸಮಾನವಾದ ಎರಡು ಅಂಶ ಯಾವುವು?’ ಎಂಬ ಕಾರ್ಡು ಯಾವ ಗುಂಪಿಗೂ ಸೇರದು. ಅಪಧಮನಿಯ ವಿಷಯವೂ ಅಷ್ಟೇ. ಅಪಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತ ಎಂದು ಕಂಠಪಾಠ ಮಾಡಿದವರು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ಬಳಿ ಎಡವುತ್ತಾರೆ. ಅದರಲ್ಲಿರುವುದು ಆಮ್ಲಜನಕರಹಿತ ರಕ್ತ. ಹೃದಯದ ಗುಂಪು ಮತ್ತು ಶ್ವಾಸಕೋಶದ ಗುಂಪು ಭೇಟಿಯಾಗುವ ಜಾಗ ಅದು. ಇಂಥ ಐದಾರು ಕಾರ್ಡುಗಳಿಗೆ ‘ನಡುವಿನವು’ ಎಂಬ ಎಂಟನೇ ಗುಂಪು ಮಾಡಿ, ಬೇರೊಂದು ಬಣ್ಣ ಹಚ್ಚಬೇಕು. ಪಾಠದ ಅತ್ಯುತ್ತಮ ಪ್ರಶ್ನೆಗಳು ನನ್ನ ಮಟ್ಟಿಗೆ ಇವೇ.

ಯಾವ ಕಾರ್ಡನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದಕ್ಕೆ 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ತಮ್ಮ ಜರ್ಮನ್ ಪುಸ್ತಕದಲ್ಲಿ ಸೂಚಿಸಿದ ಪೆಟ್ಟಿಗೆ ಇಂದಿಗೂ ಸಾಕು. ಐದು ಖಾನೆಗಳು. ಸರಿಯಾದ ಕಾರ್ಡು ಮುಂದಿನ ಖಾನೆಗೆ, ತಪ್ಪಾದದ್ದು ಎಲ್ಲಿದ್ದರೂ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನಾ ನೋಡುವುದು, ಮುಂದಿನವನ್ನು ಹೆಚ್ಚು ಹೆಚ್ಚು ಬಿಡುವು ಕೊಟ್ಟು ನೋಡುವುದು. ಚಪ್ಪಲಿ ಡಬ್ಬಿಗೆ ರಟ್ಟಿನ ತಡೆ ಇಟ್ಟರೂ ಆದೀತು.

ಎರಡು ವಾರ ಬಿಟ್ಟು ಮೊದಲ ಖಾನೆಯ ಕಾರ್ಡುಗಳನ್ನು ಮಗುಚಿ ಅಂಚಿನ ಬಣ್ಣ ನೋಡಿ. ಗುಂಪು ಮಾಡಿದ್ದರ ಪೂರ್ತಿ ಪ್ರಯೋಜನ ಇಲ್ಲಿದೆ. ಅಲ್ಲಿರುವುದೆಲ್ಲ ಹಸಿರೇ ಆಗಿದ್ದರೆ ಗಿಡದ ಸಾಗಾಣಿಕೆ ಅರ್ಥವೇ ಆಗಿಲ್ಲ. ಕಾರ್ಡನ್ನು ಇನ್ನೆಷ್ಟು ತಿರುಗಿಸಿದರೂ ವ್ಯರ್ಥ, ಪುಸ್ತಕ ತೆರೆಯಬೇಕು, ಇಲ್ಲವೇ ಮೇಷ್ಟರನ್ನು ಕೇಳಬೇಕು. ಕೆಂಪಿನವೆಲ್ಲ ಮುಂದೆ ಹೋಗಿ ಒಂದೇ ಒಂದು ಕೆಂಪು ಮತ್ತೆ ಮತ್ತೆ ಹಿಂದೆ ಬರುತ್ತಿದ್ದರೆ ದೋಷ ಹೆಚ್ಚಾಗಿ ಕಾರ್ಡಿನದೇ. ಪ್ರಶ್ನೆ ಅಸ್ಪಷ್ಟವಾಗಿದೆ, ಅಥವಾ ಉತ್ತರದಲ್ಲಿ ಎರಡು ಸಂಗತಿ ತೂರಿಕೊಂಡಿವೆ. ಹರಿದು ಹೊಸದು ಬರೆಯಬೇಕು. ಮೊಬೈಲು, ಕಂಪ್ಯೂಟರುಗಳಲ್ಲಿ ಬಳಸುವ `Anki` ತಂತ್ರಾಂಶವೂ ಇಂಥ ಕಾರ್ಡನ್ನು ಗುರುತಿಸುತ್ತದೆ: ಕಲಿಕೆಯ ಹಂತ ದಾಟಿದ ಕಾರ್ಡೊಂದು ಎಂಟು ಸಲ ತಪ್ಪಾದರೆ ಅದಕ್ಕೆ `leech`, ಅಂದರೆ ಜಿಗಣೆ, ಎಂಬ ಪಟ್ಟಿ ಅಂಟಿಸುತ್ತದೆ. ಅದರಲ್ಲಿ ಗುಂಪು ಮಾಡಲು ಹೆಸರುಗಳ ನಡುವೆ ಎರಡೆರಡು ಕೋಲನ್ ಹಾಕಬೇಕು, `ಜೀವಕ್ರಿಯೆಗಳು::ಹೃದಯ` ಎಂಬಂತೆ. ಓದುವಾಗ ಒಳಗಿನ ಡೆಕ್ ಬಿಟ್ಟು ಮೇಲಿನದನ್ನೇ ತೆರೆದರೆ ಎಲ್ಲ ಗುಂಪಿನ ಕಾರ್ಡುಗಳೂ ಬರುತ್ತವೆ.

ಕಾರ್ಡಿನಿಂದ ಆಗದ ಕೆಲಸಗಳೂ ಇವೆ. ಪರೀಕ್ಷೆಯಲ್ಲಿ ಹೃದಯದ ಅಥವಾ ನೆಫ್ರಾನ್‌ನ ಚಿತ್ರ ಬರೆದು ಭಾಗ ಗುರುತಿಸಲು ಕೇಳುತ್ತಾರೆ. ಭಾಗಗಳ ಹೆಸರನ್ನು ಕಾರ್ಡು ಕಲಿಸುತ್ತದೆ: ಮುಂದೆ ಗೆರೆಚಿತ್ರ, ಒಂದು ಭಾಗಕ್ಕೆ ಬಾಣ, ಹಿಂದೆ ಹೆಸರು. ಚಿತ್ರ ಬರೆಯುವ ಕೈಯನ್ನು ಅದು ಕಲಿಸದು. ಬಲ ಹೃತ್ಕರ್ಣದಿಂದ ಹೊರಟ ರಕ್ತ ಶ್ವಾಸಕೋಶ ಸುತ್ತಿ, ಎಡಭಾಗಕ್ಕೆ ಬಂದು, ಮಹಾಪಧಮನಿಯಿಂದ ದೇಹಕ್ಕೆ ಹೋಗಿ ಮತ್ತೆ ಬಲಕ್ಕೆ ಮರಳುವ ಇಡೀ ದಾರಿಯನ್ನು ಹತ್ತು ಕಾರ್ಡುಗಳಾಗಿ ಒಡೆದರೆ ತುಂಡುಗಳೆಲ್ಲ ಬಂದರೂ ದಾರಿ ಬರುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಖಾಲಿ ಹಾಳೆ ತೆಗೆದು, ಪುಸ್ತಕ ಮುಚ್ಚಿ, ಬಾಣಗಳ ಸಮೇತ ಪೂರ್ತಿ ಬರೆಯಬೇಕು. ಬಾಣ ಎಲ್ಲಿ ತಪ್ಪಿತೋ ಆ ಜಾಗಕ್ಕೆ ಒಂದು ಹೊಸ ಕಾರ್ಡು ಬರೆದು ಮೊದಲ ಖಾನೆಗೆ ಹಾಕಿಕೊಳ್ಳಬಹುದು.