ಪಾರ್ಟ್ ಟೈಮ್ ಕೆಲಸ ಇದೆಯಾ ಮೇಡಂ?

ದಸರೆಗೆ ಇನ್ನೂ ಒಂದು ತಿಂಗಳಿರುವಾಗಲೇ ಬೆಂಗಳೂರಿನ ಬಟ್ಟೆ ಅಂಗಡಿ, ಮೊಬೈಲ್ ಮಳಿಗೆ, ಸೂಪರ್ ಮಾರ್ಕೆಟ್‌ಗಳಿಗೆ ಆಳು ಸೇರಿಸುವವರ ಫೋನು ಬಿಡುವಿಲ್ಲದೆ ಗುಂಯ್‌ಗುಡುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕಾಲೇಜು ಮಕ್ಕಳ ವಾಟ್ಸಾಪ್ ಸಂದೇಶಗಳು. ‘ಹಾಯ್ ಮೇಡಂ, ಪಾರ್ಟ್ ಟೈಮ್ ಜಾಬ್ ಇದ್ಯಾ? ಯಾವ್ದಾದ್ರೂ ಓಕೆ, ತುಂಬಾ ಅರ್ಜೆಂಟ್.’ ಇದಕ್ಕೆ ಉತ್ತರ ಬಾರದಿದ್ದರೆ ಹುಡುಗ ಬೇಸರಪಡುತ್ತಾನೆ. ಆದರೆ ಆ ಕಡೆ ಕೂತವರ ಮುಂದಿರುವ ಕಾಗದವನ್ನು ಒಮ್ಮೆ ನೋಡಿದರೆ ಯಾಕೆ ಬರಲಿಲ್ಲ ಎಂದು ತಿಳಿದುಬಿಡುತ್ತದೆ.

ಆ ಕಾಗದದಲ್ಲಿ ಇರುವುದು ಅಂಗಡಿ ಮ್ಯಾನೇಜರ್ ಕಳಿಸಿದ ಒಂದು ಸಾಲು: ಜಯನಗರ, ಶನಿವಾರ-ಭಾನುವಾರ, ಇಬ್ಬರು, ಬಿಲ್ಲಿಂಗ್ ಗೊತ್ತಿದ್ದರೆ ಒಳ್ಳೆಯದು, ಕನ್ನಡ ಬರಬೇಕು. ಎಚ್‌ಆರ್‌ನವರ ಕೆಲಸ ಒಳ್ಳೆಯ ಹುಡುಗನನ್ನು ಹುಡುಕುವುದಲ್ಲ, ಆ ಪಾಳಿಯ ಖಾಲಿ ಮನೆಗಳನ್ನು ತುಂಬುವುದು. ‘ಯಾವುದಾದರೂ ಓಕೆ’ ಎಂದವನಿಗೆ ಎಷ್ಟು ಗಂಟೆಗೆ ಬರುತ್ತೀಯ, ಮನೆ ಎಲ್ಲಿ, ಪರೀಕ್ಷೆ ಯಾವಾಗ ಎಂದು ಒಂದೊಂದನ್ನೂ ಕೇಳುತ್ತ ಕೂರಬೇಕು. ಅಷ್ಟು ಹೊತ್ತಿಗೆ ಇನ್ನೊಬ್ಬನ ಸಂದೇಶದಲ್ಲಿ ಅದೆಲ್ಲ ಬರೆದೇ ಬಂದಿರುತ್ತದೆ.

ಹಾಗಾಗಿ ಸಂದೇಶ ಬರೆಯುವ ಮೊದಲು ಕಾಲೇಜಿನ ಟೈಮ್ ಟೇಬಲ್ ಎದುರಿಗಿಟ್ಟುಕೊಳ್ಳಬೇಕು. ಬಸವನಗುಡಿಯ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಕಾಂ. ಓದುವ, ಯಲಚೇನಹಳ್ಳಿಯಲ್ಲಿ ಮನೆಯಿರುವ ಹುಡುಗ ಎಂದುಕೊಳ್ಳೋಣ. ವಾರಾಂತ್ಯ ಎಂದರೆ ಎರಡು ದಿನ ಪೂರ್ತಿ ಬಿಡುವು ಎನ್ನುವುದು ಸಾಫ್ಟ್‌ವೇರ್ ಕಂಪನಿಯವರ ಲೆಕ್ಕ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಶನಿವಾರವೂ ಅರ್ಧ ದಿನ ತರಗತಿ ಇರುವುದುಂಟು. ಇವನಿಗೂ ಶನಿವಾರ ಹನ್ನೆರಡೂವರೆವರೆಗೆ ಪಾಠ. ಅಂಗಡಿಯವರು ಕೇಳುವುದು ಬೆಳಿಗ್ಗೆ 11ಕ್ಕೆ. ‘ಪರವಾಗಿಲ್ಲ, ಬರ್ತೀನಿ ಮೇಡಂ’ ಎಂದು ಬಾಯಿಬಿಟ್ಟರೆ ಸಿಕ್ಕಿಕೊಂಡ ಹಾಗೆಯೇ.

ಹೇಗೆ ಎಂದರೆ, ನಮ್ಮಲ್ಲಿ ಸಾಮಾನ್ಯವಾಗಿ ಪರೀಕ್ಷೆಗೆ ಕೂರಲು ನೂರಕ್ಕೆ 75ರಷ್ಟು ಹಾಜರಿ ಬೇಕು. ಸೆಮಿಸ್ಟರ್‌ನಲ್ಲಿ 90 ದಿನ ತರಗತಿ ನಡೆಯಿತು ಎಂದುಕೊಂಡರೆ ತಪ್ಪಿಸಿಕೊಳ್ಳಲು ಸಿಗುವುದು 22 ದಿನ. ಅದರಲ್ಲಿ 16 ಶನಿವಾರ ಅಂಗಡಿಗೆ ಹೋದರೆ ಉಳಿದದ್ದು 6. ಜ್ವರ, ಊರ ಜಾತ್ರೆ, ಅಕ್ಕನ ಮದುವೆ ಎಲ್ಲವೂ ಆ ಆರರಲ್ಲೇ ಆಗಬೇಕು. ವಿಷಯವಾರು ಹಾಜರಿ ಲೆಕ್ಕ ಹಾಕುವ ಕಾಲೇಜಾದರೆ ಇನ್ನೂ ಕಷ್ಟ; ಯಾವ ವಿಷಯದ ಪಾಠ ಹೆಚ್ಚಾಗಿ ಶನಿವಾರವೇ ಬೀಳುತ್ತದೋ ಅದೊಂದೇ ಕೈಕೊಡುತ್ತದೆ. ಈ ಲೆಕ್ಕವನ್ನು ಮೊದಲೇ ಹಾಕಿದವನು 11ರ ಬದಲು ಮಧ್ಯಾಹ್ನ 2ರಿಂದ ಎಂದು ಬರೆಯುತ್ತಾನೆ. ಜವಳಿ ಅಂಗಡಿಯಲ್ಲಿ ಶನಿವಾರ ಜನ ಮುಗಿಬೀಳುವುದು ಸಂಜೆಯೇ ತಾನೆ? ಮ್ಯಾನೇಜರ್ ಒಪ್ಪುವ ಸಾಧ್ಯತೆಯೂ ಹೆಚ್ಚು.

ಈಗ ಸಂದೇಶ ಹೀಗಾಗುತ್ತದೆ:

‘ನಮಸ್ತೆ ಮೇಡಂ. ಜಯನಗರದ ಮಳಿಗೆಗೆ ವಾರಾಂತ್ಯಕ್ಕೆ ಜನ ಬೇಕೆಂಬ ಬೋರ್ಡ್ ನೋಡಿ ಬರೆಯುತ್ತಿದ್ದೇನೆ. ನಾನು ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿ, ವಯಸ್ಸು 19. ಶನಿವಾರ ಮಧ್ಯಾಹ್ನ 2ರಿಂದ ರಾತ್ರಿ 9, ಭಾನುವಾರ ಬೆಳಿಗ್ಗೆ 11ರಿಂದ ರಾತ್ರಿ 8ರವರೆಗೆ ಬರಬಲ್ಲೆ. ಬುಧವಾರ ಸಂಜೆ 4ರ ಮೇಲೂ ಬಿಡುವಿದೆ. ಮನೆ ಯಲಚೇನಹಳ್ಳಿ, ಮೆಟ್ರೋದಲ್ಲಿ ಓಡಾಡುತ್ತೇನೆ. ಈ ಶನಿವಾರದಿಂದಲೇ ಸೇರಬಹುದು, ಸೆಮಿಸ್ಟರ್ ಮುಗಿಯುವ ತನಕ ಬಿಡುವುದಿಲ್ಲ. ಪರೀಕ್ಷೆಯ ಸಮಯದಲ್ಲಿ ಎರಡು ವಾರಾಂತ್ಯ ರಜೆ ಬೇಕಾಗುತ್ತದೆ; ವೇಳಾಪಟ್ಟಿ ಬಂದ ದಿನವೇ ತಿಳಿಸುತ್ತೇನೆ. ಚಿಕ್ಕಪ್ಪನ ಪ್ರಾವಿಷನ್ ಸ್ಟೋರ್‌ನಲ್ಲಿ ಬೇಸಿಗೆ ರಜೆಯಲ್ಲಿ ಬಿಲ್ಲಿಂಗ್ ಮಾಡಿದ್ದೇನೆ. ಕನ್ನಡ, ತೆಲುಗು ಚೆನ್ನಾಗಿ ಬರುತ್ತದೆ, ಹಿಂದಿ ವ್ಯವಹಾರಕ್ಕೆ ಸಾಕಾಗುವಷ್ಟು. ಮಧ್ಯಾಹ್ನ 1ರ ನಂತರ ಫೋನ್ ಮಾಡಿದರೆ ಮಾತಾಡುತ್ತೇನೆ.’

ಕೆಳಗೆ ಹೆಸರು, ನಂಬರ್. ಬಯೋಡೇಟಾ ಕೇಳಿದರೆ ಕಳಿಸಿದರಾಯಿತು. ಆಧಾರ್ ಪ್ರತಿಯನ್ನು ಮೊದಲ ಸಂದೇಶಕ್ಕೇ ಅಂಟಿಸುವ ಅಭ್ಯಾಸ ಹಲವರಿಗಿದೆ. ಕೆಲಸ ಖಚಿತವಾಗುವ ತನಕ ಅದು ಯಾರಿಗೂ ಬೇಕಿಲ್ಲ.

ಪರೀಕ್ಷೆಯ ರಜೆಯನ್ನು ಮೊದಲೇ ಹೇಳಿದರೆ ಕೆಲಸ ತಪ್ಪೀತೆಂದು ಮಕ್ಕಳು ಹೆದರುತ್ತಾರೆ. ವಾಸ್ತವದಲ್ಲಿ ಸೇರಿಸಿಕೊಳ್ಳುವವರ ಭಯವೇ ಬೇರೆ. ಹೊಸಬನಿಗೆ ಬಾರ್‌ಕೋಡ್ ಹೊಡೆಯುವುದು, ರಿಟರ್ನ್ ಬಂದ ಬಟ್ಟೆಗೆ ಬಿಲ್ ತಿರುಗಿಸುವುದು, ರಾತ್ರಿ ಗಲ್ಲಾಪೆಟ್ಟಿಗೆ ಲೆಕ್ಕ ಹೊಂದಿಸುವುದು ಕಲಿಸಲು ಒಂದೆರಡು ವಾರಾಂತ್ಯ ಹೋಗುತ್ತದೆ. ಕಲಿತ ಮೇಲೆ ಹಬ್ಬದ ಹಿಂದಿನ ದಿನ ಹುಡುಗ ಫೋನ್ ಸ್ವಿಚ್ ಆಫ್ ಮಾಡಿ ಕೂತರೆ ಮ್ಯಾನೇಜರ್ ಬಯ್ಯುವುದು ಎಚ್‌ಆರ್‌ನವರನ್ನೇ. ಹೇಳಿ ತೆಗೆದುಕೊಂಡ ರಜೆಗೆ ಬದಲಿ ಆಳು ಹಾಕಬಹುದು.

ಸಂಬಳದ ಮಾತು ಮೊದಲ ಸಂದೇಶದಲ್ಲಿ ಬೇಡ, ಆದರೆ ‘ಆಯ್ತು ಬನ್ನಿ’ ಎಂದ ಮೇಲೆ ಕೇಳದೆ ಹೋಗಕೂಡದು. ಕೇಳಬೇಕಾದ್ದು ದಿನಕ್ಕೆ ಎಷ್ಟು ಎಂಬುದಷ್ಟೇ ಅಲ್ಲ; ಸಂಬಳ ಕೊಡುವವರು ಅಂಗಡಿಯವರೋ, ನಡುವಿನ ಏಜೆನ್ಸಿಯೋ ಎಂಬುದೂ. ಏಜೆನ್ಸಿಯ ಪೇರೋಲ್ ಆದರೆ ಪಿಎಫ್, ಇಎಸ್‌ಐ ಕಡಿತವಾಗಬಹುದು. ದಿನಕ್ಕೆ 600 ರೂಪಾಯಿಯಂತೆ ತಿಂಗಳಲ್ಲಿ ಎಂಟು ದಿನ ದುಡಿದರೆ 4,800. ಅಷ್ಟರ ಮೇಲೂ ಪಿಎಫ್ 12 ಪ್ರತಿಶತ ಹಿಡಿದರೆ 576, ಇಎಸ್‌ಐ ಮುಕ್ಕಾಲು ಪ್ರತಿಶತ ಎಂದರೆ 36. ಕೈಗೆ ಬರುವುದು 4,188. ಮೋಸ ಹೋದೆ ಎಂದು ಕೂಗಾಡುವ ವಿಷಯವಲ್ಲ ಇದು, ಪಿಎಫ್ ದುಡ್ಡು ಅವನದೇ. ಸ್ಲಿಪ್ ತೆಗೆದಿಟ್ಟುಕೊಳ್ಳಬೇಕು, ಯುಎಎನ್ ನಂಬರ್ ಬರೆದಿಟ್ಟುಕೊಳ್ಳಬೇಕು. ಡಿಗ್ರಿ ಮುಗಿದ ಮೇಲೆ ಸಿಗುವ ಕೆಲಸಕ್ಕೂ ಅದೇ ನಂಬರ್ ಕೊಡಬೇಕಾಗುತ್ತದೆ. ಕಡಿತ ಮಾಡಿಯೂ ನಂಬರ್ ಕೊಡದಿದ್ದರೆ ಆಗ ಅನುಮಾನಪಡಬೇಕು.

ಉತ್ತರಿಸುವವರೆಲ್ಲ ನಿಜವಾದ ಎಚ್‌ಆರ್ ಅಲ್ಲ ಎಂಬುದೂ ನೆನಪಿರಲಿ. ರಿಜಿಸ್ಟ್ರೇಷನ್‌ಗೆ, ಯೂನಿಫಾರ್ಮ್‌ಗೆ, ಟ್ರೇನಿಂಗ್‌ಗೆ ಮುಂಗಡ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಮನೆಯಲ್ಲೇ ಕೂತು ವಿಡಿಯೋಗೆ ಲೈಕ್ ಒತ್ತಿ ದಿನಕ್ಕೆ ಸಾವಿರಾರು ಗಳಿಸಿ ಎನ್ನುವವರು ಮೊದಲು ನೂರಿನ್ನೂರು ಖಾತೆಗೆ ಹಾಕಿ, ಆಮೇಲೆ ‘ದೊಡ್ಡ ಟಾಸ್ಕ್’ಗೆಂದು ನಿಮ್ಮಿಂದಲೇ ಹಾಕಿಸಿಕೊಳ್ಳುತ್ತಾರೆ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೊಳ್ಳುತ್ತ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಆ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ಓದಲು ಹೊರದೇಶಕ್ಕೆ ಹೋದ ನಮ್ಮ ಮಕ್ಕಳ ಸಂದೇಶಕ್ಕೆ ಇನ್ನೊಂದು ಸಾಲು ಬೇಕಾಗುತ್ತದೆ. ಬ್ರಿಟನ್‌ನಲ್ಲಿ ಡಿಗ್ರಿ ಓದುವ ವಿದ್ಯಾರ್ಥಿ ವೀಸಾದವರಿಗೆ ತರಗತಿ ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಮಿತಿ, ವಾರ ಎಂದರೆ ಸೋಮವಾರದಿಂದ ಭಾನುವಾರ. ಈ ವಾರ 25, ಮುಂದಿನ ವಾರ 15 ಎಂದು ಸರಿದೂಗಿಸುವ ಹಾಗಿಲ್ಲ. ಎರಡು ಕಡೆ ದುಡಿದರೂ ಒಟ್ಟು ಲೆಕ್ಕ ಅಷ್ಟೇ. ಸ್ವಂತ ಉದ್ಯೋಗಕ್ಕೆ ಅನುಮತಿ ಇಲ್ಲದ್ದರಿಂದ ಸ್ವಂತ ಲೆಕ್ಕದಲ್ಲಿ ಆ್ಯಪ್ ಮೂಲಕ ಊಟ ತಲುಪಿಸುವ ಕೆಲಸವೂ ಆಗದು. ವೀಸಾ ಮಿತಿಯನ್ನೂ, ಬೇರೆಡೆ ಈಗಾಗಲೇ ಎಷ್ಟು ಗಂಟೆ ದುಡಿಯುತ್ತಿದ್ದೇನೆ ಎಂಬುದನ್ನೂ ಅಲ್ಲಿನ ಸಂದೇಶದಲ್ಲೇ ಬರೆಯುವುದು ಒಳ್ಳೆಯದು. ಮೀರಿದರೆ ತೊಂದರೆ ವೀಸಾಕ್ಕೇ ಬರುತ್ತದೆ.

ಉತ್ತರ ಬಾರದಿದ್ದರೆ ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ ನೆನಪಿಸಬಹುದು. ‘ಮೇಡಂ, ಇದ್ದೀರಾ?’ ಎಂದು ಕೇಳುವ ಬದಲು ‘ಜಯನಗರದ ಕೆಲಸ ತುಂಬಿದ್ದರೆ ಬನಶಂಕರಿಯ ಮಳಿಗೆಗೂ ಇದೇ ಸಮಯಕ್ಕೆ ಬರಬಲ್ಲೆ’ ಎನ್ನಿ. ಅವರ ಪಟ್ಟಿಯಲ್ಲಿ ಇನ್ನೊಂದು ಸಾಲಿಗೆ ನಿಮ್ಮ ಹೆಸರು ಹೊಂದಬಹುದು. ಕೆಲಸ ಸಿಕ್ಕಿದವರೂ ಸೆಮಿಸ್ಟರ್ ಬದಲಾಗಿ ಹೊಸ ಟೈಮ್ ಟೇಬಲ್ ಬಂದ ಕೂಡಲೇ ಬಿಡುವಿನ ಗಂಟೆಗಳನ್ನು ಮತ್ತೆ ಬರೆದು ಕಳಿಸಬೇಕು. ಹಳೆಯ ಸಮಯ ನಂಬಿ ಅವರು ಪಾಳಿ ಹಾಕಿಬಿಟ್ಟ ಮೇಲೆ ಬದಲಾಯಿಸಿ ಎಂದರೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ.