ಎರಡು ತಾಳೆಯನ್ನೂ ದಾಟಿಬಿಡುವ ತಪ್ಪು

ಎಂಜಿನಿಯರಿಂಗ್, ಬಿ.ಎಸ್ಸಿ. ಗಣಿತದ ವಿದ್ಯಾರ್ಥಿಗಳು ಐಗನ್ ಮೌಲ್ಯ ಕಲಿಯುವಾಗ ಹೆಚ್ಚಾಗಿ ಎದುರಾಗುವ ಮ್ಯಾಟ್ರಿಕ್ಸ್ ಇದು:

```
 8  -6   2
-6   7  -4
 2  -4   3
```

ಮ್ಯಾಟ್ರಿಕ್ಸಿನಿಂದ ಗುಣಿಸಿದಾಗ ಸಾಮಾನ್ಯವಾಗಿ ವೆಕ್ಟರಿನ ದಿಕ್ಕು ಬದಲಾಗುತ್ತದೆ. ಕೆಲವು ಮಾತ್ರ ತಮ್ಮ ಗೆರೆಯನ್ನು ಬಿಡದೆ, ಅದರ ಮೇಲೆಯೇ ಇಂತಿಷ್ಟು ಪಟ್ಟು ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಆ ಪಟ್ಟಿನ ಸಂಖ್ಯೆಯೇ ಐಗನ್ ಮೌಲ್ಯ. 3×3 ಮ್ಯಾಟ್ರಿಕ್ಸಿಗೆ ಇಂಥವು ಮೂರು.

ಬಂದ ಉತ್ತರವನ್ನು ತಾಳೆ ನೋಡಲು ಮೇಷ್ಟ್ರುಗಳು ಎರಡು ಸೂತ್ರ ಹೇಳಿಕೊಡುತ್ತಾರೆ. ಮೂರೂ ಮೌಲ್ಯಗಳ ಮೊತ್ತ ಮುಖ್ಯ ಕರ್ಣದ ಮೊತ್ತಕ್ಕೆ, ಅಂದರೆ ಟ್ರೇಸ್‌ಗೆ ಸಮನಾಗಬೇಕು. ಅವುಗಳ ಗುಣಲಬ್ಧ ಡಿಟರ್ಮಿನೆಂಟ್‌ಗೆ ಸಮನಾಗಬೇಕು. ಇಲ್ಲಿ ಟ್ರೇಸ್ 8+7+3, ಅಂದರೆ 18. ಡಿಟರ್ಮಿನೆಂಟ್ 40−60+20, ಅಂದರೆ ಸೊನ್ನೆ. ಹಾಗಾಗಿ ಒಂದು ಮೌಲ್ಯವಾದರೂ ಸೊನ್ನೆ ಇರಲೇಬೇಕು.

ಈಗ ಲೆಕ್ಕ ಮಾಡೋಣ. ಕರ್ಣದ ಮೇಲಿನ ಎರಡೆರಡು ಸಂಖ್ಯೆಗಳನ್ನು ಹಿಡಿದು ಮಾಡಿದ ಮೂರು ಸಣ್ಣ ಡಿಟರ್ಮಿನೆಂಟ್‌ಗಳು 20, 20 ಮತ್ತು 5, ಕೂಡಿದರೆ 45. ಸಮೀಕರಣ λ³ − 18λ² + 45λ = 0. ಉತ್ತರ 0, 3, 15. ಮೊತ್ತ 18, ಗುಣಲಬ್ಧ ಸೊನ್ನೆ. ಎರಡೂ ತಾಳೆಯಾದವು.

ಆದರೆ ಕೊನೆಯ ಸಣ್ಣ ಡಿಟರ್ಮಿನೆಂಟಿನಲ್ಲಿ 21−16 ಎಂದು ಬರೆಯುವ ಬದಲು ಗಡಿಬಿಡಿಯಲ್ಲಿ 21+16 ಎಂದು ಬರೆದರೆ ಏನಾಗುತ್ತದೆ? ಎರಡು ಮೈನಸ್ 4 ಇರುವಲ್ಲಿ ಚಿಹ್ನೆ ತಪ್ಪುವುದು ತೀರಾ ಸಹಜ. ಆಗ 45ರ ಜಾಗದಲ್ಲಿ 77 ಬರುತ್ತದೆ, ಉತ್ತರ 0, 7, 11. ಮೊತ್ತ ನೋಡಿ: 18. ಗುಣಲಬ್ಧ: ಸೊನ್ನೆ. ತಪ್ಪು ಉತ್ತರ ಎರಡೂ ತಾಳೆಯನ್ನು ಸಲೀಸಾಗಿ ದಾಟಿತು!

ಇದಕ್ಕೆ ಕಾರಣವಿದೆ. ಹುಡುಕಬೇಕಾದ ಮೌಲ್ಯಗಳು ಮೂರು, ನಮ್ಮ ಕೈಲಿರುವ ತಾಳೆಗಳು ಎರಡೇ. ಟ್ರೇಸ್ ಸಮೀಕರಣದ ಎರಡನೇ ಪದವನ್ನು ಕಾಯುತ್ತದೆ, ಡಿಟರ್ಮಿನೆಂಟ್ ಕೊನೆಯ ಪದವನ್ನು. ನಡುವಿನ 45ನ್ನು ಕಾಯುವವರೇ ಇಲ್ಲ. ಲೆಕ್ಕ ಹೆಚ್ಚಾಗಿ ಎಡವುವುದೂ ಅಲ್ಲೇ. 2×2 ಮ್ಯಾಟ್ರಿಕ್ಸಿನಲ್ಲಿ ನಡುವಿನ ಪದವೇ ಇಲ್ಲ, ಆದ್ದರಿಂದ ಅಲ್ಲಿ ಈ ಎರಡು ತಾಳೆ ಸಾಕು.

3×3ಕ್ಕೆ ಮೂರನೆಯ ತಾಳೆ ಬೇಕು. ಐಗನ್ ಮೌಲ್ಯಗಳ ವರ್ಗಗಳ ಮೊತ್ತ A²ನ ಟ್ರೇಸ್‌ಗೆ ಸಮ. ನಮ್ಮ ಮ್ಯಾಟ್ರಿಕ್ಸ್ ಸಮಮಿತವಾದದ್ದು, ಅಂದರೆ ಕರ್ಣದ ಎರಡೂ ಬದಿ ಒಂದೇ ತೆರ. ಇಂಥದ್ದಕ್ಕೆ A² ಬರೆಯುವ ಶ್ರಮವೂ ಬೇಡ. ಒಂಬತ್ತೂ ಸಂಖ್ಯೆಗಳ ವರ್ಗಗಳನ್ನು ಕೂಡಿದರಾಯಿತು. ಇಲ್ಲಿ ಅದು 234. ಸರಿಯುತ್ತರದಲ್ಲಿ 0+9+225, ಅದೂ 234. ತಪ್ಪುತ್ತರದಲ್ಲಿ 0+49+121, ಬರೀ 170. ಕಳ್ಳ ಸಿಕ್ಕಿಬಿದ್ದ. ಸಮಮಿತವಲ್ಲದ ಮ್ಯಾಟ್ರಿಕ್ಸಿಗೆ ಈ ಅಡ್ಡದಾರಿ ಸಲ್ಲದು. ಅಲ್ಲಿ A²ನ ಕರ್ಣದ ಮೂರು ಸಂಖ್ಯೆಗಳನ್ನು ಗುಣಿಸಿಯೇ ತೆಗೆಯಬೇಕು.

ಈ ಮೂರೂ ಹೊಂದಿದರೆ 3×3 ಮ್ಯಾಟ್ರಿಕ್ಸಿನ ಐಗನ್ ಮೌಲ್ಯಗಳು ತಪ್ಪಾಗಿರಲು ಸಾಧ್ಯವೇ ಇಲ್ಲ. ಪರೀಕ್ಷೆಯಲ್ಲಿ ಉತ್ತರಕ್ಕೆ ಅಡಿಗೆರೆ ಎಳೆಯುವ ಮುನ್ನ ಈ ಮೂರನೆಯದನ್ನೂ ಒಮ್ಮೆ ನೋಡಿಬಿಡಿ.